ಒಂದು ಯುನಿಟ್ ಕೊಟ್ಟರೆ ಮೂರು ಯುನಿಟ್ ಬಿಸಿ: ಟ್ರೊಂಡ್‌ಹೈಮ್‌ನ ಹೀಟ್ ಪಂಪ್, ಧಾರವಾಡದ ಗೀಸರ್

ನಾರ್ವೆಯಲ್ಲಿ ಕರೆಂಟ್ ಬಹುಪಾಲು ಜಲವಿದ್ಯುತ್. ಹಾಗಾಗಿ ಮನೆ ಬೆಚ್ಚಗಿಡಲು ಕೂಡ ಇಲ್ಲಿನವರು ಬಹಳ ಕಾಲದಿಂದ ಕರೆಂಟನ್ನೇ ಬಳಸುತ್ತಾರೆ. ಟ್ರೊಂಡ್‌ಹೈಮ್‌ನ ನಮ್ಮ ಮನೆಯಲ್ಲೂ ಪ್ರತಿ ಕಿಟಕಿಯ ಕೆಳಗೆ ಒಂದೊಂದು ಪ್ಯಾನೆಲ್ ಹೀಟರ್ ಇದೆ. ಅದರ ಜೊತೆಗೆ ಹಾಲ್‌ನ ಗೋಡೆಯ ಮೇಲೆ ಎಸಿ ತರಹದ ಒಂದು ಉದ್ದ ಡಬ್ಬಿ ಇದೆ. ಅದು ಹೀಟ್ ಪಂಪ್. ಚಳಿಗಾಲದಲ್ಲಿ ಹೆಚ್ಚಿನ ಕೆಲಸ ಮಾಡುವುದು ಅದೇ.

ಧಾರವಾಡದಲ್ಲಿರುವ ನಮ್ಮ ಕಾಕಾ ಜೀವನವಿಡೀ ಮನೆಗಳಿಗೆ ವೈರಿಂಗ್ ಮಾಡಿದವರು. ಫೋನಿನಲ್ಲಿ ಇದರ ಬಗ್ಗೆ ಹೇಳಿದಾಗ ಅವರು ಬಿಡಲಿಲ್ಲ. "ಏನಪಾ, ಒಂದ್ ಯುನಿಟ್ ಕೊಟ್ರ ಮೂರ್ ಯುನಿಟ್ ಬರ್ತದ ಅಂತೀ. ಉಳದ ಎರಡು ಎಲ್ಲಿಂದ ಬಂದ್ವು?" ಕೇಳಬೇಕಾದ ಪ್ರಶ್ನೆಯೇ ಇದು.

ಮೊದಲು ಮಾಮೂಲಿ ಹೀಟರ್ ನೋಡೋಣ. ಅದರ ಒಳಗಿನ ಕಾಯಿಲ್ ಕರೆಂಟನ್ನು ನೇರವಾಗಿ ಶಾಖವಾಗಿ ಬದಲಿಸಿಬಿಡುತ್ತದೆ. ಒಂದು ಯುನಿಟ್ ಹೋದರೆ ಒಂದು ಯುನಿಟ್ ಶಾಖ. ಅದಕ್ಕಿಂತ ಕಡಿಮೆಯೂ ಇಲ್ಲ, ಜಾಸ್ತಿಯೂ ಇಲ್ಲ. ಅಗ್ಗದ ಫ್ಯಾನ್ ಹೀಟರ್ ಇರಲಿ, ಎಣ್ಣೆ ತುಂಬಿದ ದುಬಾರಿ ರೇಡಿಯೇಟರ್ ಇರಲಿ, ಲೆಕ್ಕ ಒಂದೇ. "ಕಡಿಮೆ ಕರೆಂಟಿನಲ್ಲಿ ಹೆಚ್ಚು ಬಿಸಿ" ಅಂತ ಯಾರಾದರೂ ಕಾಯಿಲ್ ಹೀಟರ್ ಮಾರಲು ಬಂದರೆ ಸುಮ್ನೆ ಕಳಿಸಿಬಿಡಿ.

ಹೀಟ್ ಪಂಪ್ ಬಿಸಿಯನ್ನು ಸಾಗಿಸುತ್ತದೆ. ಬೋರ್‌ವೆಲ್ಲಿನ ಮೋಟರ್ ನೀರನ್ನು ಹುಟ್ಟಿಸುವುದಿಲ್ಲ, ಕೆಳಗಿದ್ದ ನೀರನ್ನು ಮೇಲಕ್ಕೆ ಎತ್ತುತ್ತದೆ, ಅಲ್ವಾ? ಇದೂ ಹಾಗೆಯೇ. ಕಾಕಾ ಕೇಳಿದ ಆ ಎರಡು ಯುನಿಟ್ ಹೊರಗಿನ ಗಾಳಿಯಿಂದ ಬರುತ್ತವೆ. ಹೊರಗೆ ಮೈನಸ್ 5 ಡಿಗ್ರಿ ಇದ್ದರೂ ಬರುತ್ತವೆ. ಪೈಪಿನೊಳಗೆ ಹರಿಯುವ ಆರ್-32 ಎಂಬ ದ್ರವ ಸಾಮಾನ್ಯ ಒತ್ತಡದಲ್ಲಿ ಮೈನಸ್ 52 ಡಿಗ್ರಿಗೇ ಕುದಿಯುತ್ತದೆ. ಮನೆಯ ಹೊರಗೆ ಇಟ್ಟಿರುವ ಇನ್ನೊಂದು ಡಬ್ಬಿಯಲ್ಲಿ ಅದನ್ನು ಮೈನಸ್ 12ರ ಸುಮಾರಿಗೆ ಕುದಿಯುವಂಥ ಒತ್ತಡದಲ್ಲಿ ಇಟ್ಟರೆ ಸಾಕು. ಅದಕ್ಕೆ ಮೈನಸ್ 5ರ ಗಾಳಿ ಬೆಚ್ಚಗೇ. ಗಾಳಿಯ ಶಾಖ ಹೀರಿ ಅದು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ಆವಿ ಒಳಗಿನ ಡಬ್ಬಿಗೆ ಬಂದು 40 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ದ್ರವವಾಗುವಾಗ, ಹೀರಿದ್ದ ಶಾಖವನ್ನೆಲ್ಲ ಕೋಣೆಗೆ ಬಿಟ್ಟುಕೊಡುತ್ತದೆ. ಕಂಪ್ರೆಸರ್ ತಿಂದ ಕರೆಂಟೂ ಬಹುಪಾಲು ಬಿಸಿಯಾಗಿ ಅದರ ಜೊತೆಗೇ ಬರುತ್ತದೆ.

ಕೋಣೆಗೆ ಬಂದ ಶಾಖವನ್ನು ತಿಂದ ಕರೆಂಟಿನಿಂದ ಭಾಗಿಸಿದರೆ ಸಿಗುವುದೇ ಕೊಎಫಿಶಿಯಂಟ್ ಆಫ್ ಪರ್ಫಾರ್ಮೆನ್ಸ್, ಚಿಕ್ಕದಾಗಿ ಸಿಒಪಿ. ಕಾಯಿಲ್ ಹೀಟರ್‌ಗೆ ಅದು ಯಾವಾಗಲೂ 1.

ಹೀಟ್ ಪಂಪಿಗೆ ಮಾತ್ರ ಅದು ಸ್ಥಿರವಾದ ಸಂಖ್ಯೆಯಲ್ಲ. ಬಾವಿ ಆಳವಾದಷ್ಟೂ ಮೋಟರಿಗೆ ಭಾರ. ಇಲ್ಲಿ ಆಳ ಅಂದರೆ ಆ ದ್ರವ ಹರಿಯುವ ಒಳಗಿನ ಮತ್ತು ಹೊರಗಿನ ಪೈಪ್ ಸುರುಳಿಗಳ, ಅಂದರೆ ಕಾಯಿಲ್‌ಗಳ, ತಾಪಮಾನದ ಅಂತರ. ಎಷ್ಟೇ ಒಳ್ಳೆಯ ಯಂತ್ರವಾದರೂ ದಾಟಲಾಗದ ಮಿತಿಯೊಂದಿದೆ. ಬಿಸಿ ಕಡೆಯ ತಾಪಮಾನವನ್ನು ಕೆಲ್ವಿನ್‌ನಲ್ಲಿ ತೆಗೆದುಕೊಂಡು ಆ ಅಂತರದಿಂದ ಭಾಗಿಸಬೇಕು. 40 ಡಿಗ್ರಿ ಅಂದರೆ 313 ಕೆಲ್ವಿನ್, ಮೈನಸ್ 12ರಿಂದ ಅಂತರ 52. ಭಾಗಿಸಿದರೆ ಸುಮಾರು 6. ನಿಜವಾದ ಯಂತ್ರ ಇದರ ಅರ್ಧದ ಹತ್ತಿರ ಬಂದರೆ ಹೆಚ್ಚು, ಅಂದರೆ 3ರ ಸುಮಾರು. ಇನ್ನು ಕ್ಯಾಟಲಾಗಿನಲ್ಲಿ 4, 5 ಎಂದು ದೊಡ್ಡ ಅಕ್ಷರದಲ್ಲಿ ಇರುತ್ತದಲ್ಲ, ಅದು ಸಾಮಾನ್ಯವಾಗಿ ಹೊರಗೆ 7 ಡಿಗ್ರಿ ಇಟ್ಟು ಅಳೆದದ್ದು. ಇಡೀ ಚಳಿಗಾಲದ ಸರಾಸರಿಯನ್ನು ಎಸ್‌ಸಿಒಪಿ ಅಂತ ಬೇರೆಯೇ ಕೊಡುತ್ತಾರೆ. ನೋಡಬೇಕಾದ್ದು ಅದನ್ನು.

ಹಾಗಾದರೆ ಚಳಿ ವಿಪರೀತವಾದಾಗ ಲಾಭವೆಲ್ಲ ಹೋಯಿತೇ? ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಒಳಗೆ 20, ಹೊರಗೆ 0 ಡಿಗ್ರಿ ಇದ್ದಾಗ ಆ ಮನೆ 3 ಕಿಲೋವ್ಯಾಟ್ ಶಾಖ ಕಳೆದುಕೊಳ್ಳುತ್ತದೆ ಅನ್ನಿ. ಪ್ಯಾನೆಲ್ ಹೀಟರ್ ಆದರೆ ಗಂಟೆಗೆ 3 ಯುನಿಟ್. ಸಿಒಪಿ 3 ಇರುವ ಹೀಟ್ ಪಂಪ್ ಆದರೆ 1 ಯುನಿಟ್. ಉಳಿತಾಯ 2. ಈಗ ಹೊರಗೆ ಮೈನಸ್ 15 ಆಯಿತು. ಮನೆಗೆ ಬೇಕಾದ ಶಾಖ 5.25 ಕಿಲೋವ್ಯಾಟ್‌ಗೆ ಏರುತ್ತದೆ. ಆದರೆ ಪಂಪಿನ ಸಿಒಪಿ 2ಕ್ಕೆ ಇಳಿದಿರುತ್ತದೆ. ಅದರ ಶಕ್ತಿಯೂ ಕುಗ್ಗಿ, ಕೊಡಲಾಗುವುದು 4 ಕಿಲೋವ್ಯಾಟ್ ಮಾತ್ರ ಅನ್ನೋಣ. ಅದಕ್ಕೆ 2 ಯುನಿಟ್. ಉಳಿದ 1.25 ಪ್ಯಾನೆಲ್ ಹೀಟರಿನಿಂದ. ಒಟ್ಟು 3.25. ಬರೀ ಪ್ಯಾನೆಲ್ ಹೀಟರ್ ಇದ್ದಿದ್ದರೆ 5.25. ಉಳಿತಾಯ ಮತ್ತೆ 2 ಯುನಿಟ್ಟೇ! ಸಿಒಪಿ ಬಿದ್ದರೂ ಬೇಡಿಕೆ ಏರಿದ್ದರಿಂದ ಉಳಿತಾಯ ಹಾಗೇ ನಿಂತಿತು. ಬಿಲ್ ಮಾತ್ರ ಮೂರು ಪಟ್ಟು ದಾಟುತ್ತದೆ. ಅದಕ್ಕೇ ಜನ ಪಂಪನ್ನು ಬೈಯುತ್ತಾರೆ.

ನನ್ನ ಪ್ರಕಾರ ಒಣ ಚಳಿಗಿಂತ ತಾಪತ್ರಯ ಕೊಡುವುದು ಸೊನ್ನೆಯ ಆಸುಪಾಸಿನ ಒದ್ದೆ ಹವೆ. ಟ್ರೊಂಡ್‌ಹೈಮ್‌ನಲ್ಲಿ ಅದು ಧಾರಾಳ. ಹೊರಗಿನ ಕಾಯಿಲ್ ಸೊನ್ನೆಗಿಂತ ತಣ್ಣಗಿರುವುದರಿಂದ ಗಾಳಿಯ ತೇವವೆಲ್ಲ ಅದರ ಮೇಲೆ ಹಿಮವಾಗಿ ಕೂರುತ್ತದೆ. ಗಾಳಿ ಹಾಯಲು ಜಾಗ ಸಾಲದು. ಆಗ ಯಂತ್ರ ಕೆಲವು ನಿಮಿಷ ತಿರುಗುಮುರುಗು ಓಡಿ, ಮನೆಯೊಳಗಿನ ಶಾಖವನ್ನೇ ಹೊರಗೆ ಕಳಿಸಿ ಹಿಮ ಕರಗಿಸುತ್ತದೆ. ಒಳಗಿನ ಫ್ಯಾನ್ ನಿಲ್ಲುತ್ತದೆ, ಹೊರಗಿನ ಡಬ್ಬಿಯಿಂದ ಬುಸಬುಸ ಆವಿ ಏಳುತ್ತದೆ. ಹೊಸಬರು ಸುಟ್ಟೇಹೋಯಿತೆಂದು ಗಾಬರಿಯಾಗುತ್ತಾರೆ. ಅದು ಮಾಮೂಲಿ. ಆದರೆ ಇದು ಮತ್ತೆ ಮತ್ತೆ ಆಗುತ್ತಿದ್ದರೆ, ಕರಗಿದ ಮೇಲೂ ಕಾಯಿಲಿನ ಕೆಳಭಾಗದಲ್ಲಿ ಮಂಜುಗಡ್ಡೆ ಉಳಿದಿದ್ದರೆ, ನೀರು ಹೋಗುವ ದಾರಿ ಕಟ್ಟಿಕೊಂಡಿದೆ ಅಥವಾ ಗ್ಯಾಸ್ ಕಡಿಮೆಯಾಗಿದೆ ಅಂತ ಅನುಮಾನಿಸಬೇಕು.

ಒಳಗಿನ ತಪ್ಪು ಇನ್ನೂ ಸಣ್ಣದು. ಫಿಲ್ಟರ್ ಧೂಳು ಹಿಡಿದರೆ, ಅಥವಾ ಸದ್ದು ಬೇಡವೆಂದು ಫ್ಯಾನನ್ನು ತೀರಾ ನಿಧಾನಕ್ಕೆ ಇಟ್ಟರೆ, ಶಾಖ ಬಿಡಲು ಒಳಗಿನ ಕಾಯಿಲ್ ಹೆಚ್ಚು ಬಿಸಿಯಾಗಬೇಕಾಗುತ್ತದೆ. ಅಂತರ ಬೆಳೆಯಿತು, ಸಿಒಪಿ ಇಳಿಯಿತು. ಬರುವ ಗಾಳಿ ಸುಡುವಷ್ಟು ಬಿಸಿಯಾಗಿದ್ದರೆ ಖುಷಿಪಡಬೇಡಿ.

ಕಾಕಾನ ಎರಡನೇ ಪ್ರಶ್ನೆ: "ನಮ್ಮ ಹುಬ್ಬಳ್ಳಿ-ಧಾರವಾಡಕ್ಕ ಇದರಿಂದ ಏನುಪಯೋಗ?" ಮನೆ ಕಾಯಿಸಲು ಏನೂ ಇಲ್ಲ. ಸ್ನಾನದ ನೀರಿಗೆ ಇದೆ. ಕೂಡುಕುಟುಂಬಕ್ಕೆ ಬೆಳಿಗ್ಗೆ 100 ಲೀಟರ್ ನೀರನ್ನು 25ರಿಂದ 50 ಡಿಗ್ರಿಗೆ ಏರಿಸಬೇಕು ಅನ್ನಿ. ಸೋರುವ ಶಾಖ ಬಿಟ್ಟು 2.9 ಯುನಿಟ್ ಬೇಕು. ಗೀಸರ್ ಅಷ್ಟನ್ನೂ ಮೀಟರಿನಿಂದ ಎಳೆಯುತ್ತದೆ. ಹೀಟ್ ಪಂಪ್ ವಾಟರ್ ಹೀಟರ್ ಸಿಒಪಿ 3.5 ಕೊಟ್ಟರೂ 0.83 ಯುನಿಟ್ ಸಾಕು. ಮಳೆಗಾಲದಲ್ಲಿ ಸೋಲಾರ್ ಕೈಕೊಡುವ ದಿನಗಳಲ್ಲಿ ಇದಕ್ಕೆ ಬಿಸಿಲು ಬೇಕಿಲ್ಲ. ಇಲ್ಲಿ ನಮಗೆ ಕಾಟ ಕೊಡುವ ಆ ತೇವ ಧಾರವಾಡದಲ್ಲಿ ಸಹಾಯವನ್ನೇ ಮಾಡುತ್ತದೆ. ಗಾಳಿ ಬೆಚ್ಚಗಿರುವುದರಿಂದ ಕಾಯಿಲ್ ಮೇಲೆ ಹಿಮ ಕಟ್ಟುವುದಿಲ್ಲ, ತೇವ ನೀರಾಗಿ ಇಳಿಯುವಾಗ ತನ್ನ ಶಾಖವನ್ನೂ ಕೊಟ್ಟು ಹೋಗುತ್ತದೆ.

ಆದರೆ ಗುಂಡಿ ಒತ್ತಿದ ಹತ್ತು ನಿಮಿಷಕ್ಕೆ ಬಿಸಿನೀರು ಬರುವುದಿಲ್ಲ. ಚಿಕ್ಕ ಕಂಪ್ರೆಸರ್ 100 ಲೀಟರ್ ಕಾಯಿಸಲು ಒಂದೆರಡು ಗಂಟೆ ತೆಗೆದುಕೊಳ್ಳುತ್ತದೆ, ಟ್ಯಾಂಕ್ ದೊಡ್ಡದು, ಬೆಲೆ ಗೀಸರಿಗಿಂತ ಬಹಳ ಜಾಸ್ತಿ. ಕಾಕಾ-ಕಾಕು ಇಬ್ಬರೇ ಇರುವ ಮನೆ. ದಿನಕ್ಕೆ ಎರಡು ಬಕೆಟ್ ಬಿಸಿನೀರು ಅಂದರೆ ಸುಮಾರು 40 ಲೀಟರ್, 1.2 ಯುನಿಟ್ಟಿನ ಕೆಲಸ. ಉಳಿಯುವುದು ದಿನಕ್ಕೆ ಒಂದು ಯುನಿಟ್ಟಿಗಿಂತ ಕಡಿಮೆ. ಅದರಲ್ಲೂ ದೊಡ್ಡ ಟ್ಯಾಂಕು ರಾತ್ರಿಯಿಡೀ ತಣ್ಣಗಾಗಿ ಒಂದಷ್ಟು ತಿನ್ನುತ್ತದೆ. ಅವರಿಗೆ ಈಗಿರುವ ಗೀಸರೇ ಸಾಕು ಅಂದೆ. ಹಾಸ್ಟೆಲ್, ಲಾಡ್ಜ್ ನಡೆಸುವವರು ಮಾತ್ರ ಈ ಲೆಕ್ಕವನ್ನು ತಮ್ಮ ಲೀಟರುಗಳಿಂದ ಗುಣಿಸಿ ನೋಡಬಹುದು.