ಅಕ್ಕಾರಿಗೆ ಬರೆದ ನಾಲ್ಕು ಸಾಲು

ನಮ್ಮ ಅಕೌಂಟ್ಸ್ ಅಕ್ಕಾರಿಗೆ ಕಳೆದ ತಿಂಗಳು 17ರ ರಾತ್ರಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಮ್ಯಾನೇಜರ್ ನನ್ನನ್ನು ಕರೆದು, "ಎಲ್ಲಾರ ಪರವಾಗಿ ಅಕ್ಕಾರಿಗೆ ಕನ್ನಡದಾಗ ಒಂದು ಮೆಸೇಜ್ ಬರಿ. ಟೀಮಿಗೆ ಸಣ್ಣದೊಂದು ಇಂಗ್ಲಿಷಿನಾಗ ಹಾಕು" ಅಂದರು. ಬೆಳಗಾವಿ ಆಫೀಸು ನಮ್ಮದು. ಅರ್ಧ ಜನ ಮನೆಯಲ್ಲಿ ಮರಾಠಿ ಮಾತಾಡುವವರು, ಇಬ್ಬರು ಪುಣೆಯಲ್ಲಿ ಕೂತವರು.

"ತಾವು ಶೀಘ್ರ ಗುಣಮುಖರಾಗಲೆಂದು ಹಾರೈಸುತ್ತೇವೆ" ಅಂತ ಬರೆದೆ. ಸರ್ಕಲ್‌ನಲ್ಲಿ ಕಟ್ಟಿದ ಫ್ಲೆಕ್ಸ್ ಓದಿದ ಹಾಗಾಯಿತು. ಮೈಸೂರಿನ ಗೆಳತಿ, "ಬೇಗ ಹುಷಾರಾಗಿ ಅಂತ ಹಾಕು" ಅಂದಳು. ನಮ್ಮ ಕಡೆ ಹುಷಾರ ಅಂದರೆ ಶಾಣ್ಯಾ. ಹೊಟ್ಟೆಗೆ ಹೊಲಿಗೆ ಬಿದ್ದವರಿಗೆ ಜಾಣರಾಗ್ರಿ ಅನ್ನೋದಾ? "ಲಗೂನ ಬರ್ರಿ" ಅಂತಲೂ ಬರೆದು ಅಳಿಸಿದೆ. ಡ್ಯೂಟಿಗೆ ಕರೆದ ಹಾಗಿತ್ತು. ಒಂದು ಜೋಕ್ ಹಾಕಿದ್ದೆ. ಅಷ್ಟರಲ್ಲಿ ಅವರ ಯಜಮಾನರು ಫೋನ್ ಮಾಡಿ, "ನಗಸಬ್ಯಾಡ್ರಿ, ಹೊಲಿಗಿ ಜಗ್ಗತಾವಂತ" ಅಂದರು. ಅದೂ ಹೋಯಿತು.

ಅವರೇ ಇನ್ನೊಂದು ಮಾತು ಹೇಳಿದರು. ಅಕ್ಕಾರು ಮಂಪರಿನಲ್ಲೂ "20ನೇ ತಾರೀಖು" ಅಂತಿದ್ದರಂತೆ. ತಿಂಗಳ ಜಿಎಸ್‌ಟಿಯ 3ಬಿ ರಿಟರ್ನ್‌ಗೆ ಅದೇ ಕೊನೆಯ ದಿನ. ತಪ್ಪಿದರೆ ಲೇಟ್ ಫೀ, ಬಡ್ಡಿ. ಅಂಥವರಿಗೆ "ಕೆಲಸದ ಚಿಂತಿ ಬಿಡ್ರಿ" ಅಂದರೆ ಬಿಡುತ್ತಾರಾ? ಯಾರು ಏನು ಮಾಡುತ್ತಿದ್ದಾರೆ ಅಂತ ಗೊತ್ತಾಗಬೇಕು. ಹೋಗಿ ಅವರ ಫೈಲ್ ತೆಗೆಸಿದೆ. ನಮಗೆ ಮಾಲು ಕೊಟ್ಟ ಪಾರ್ಟಿಗಳು ತೋರಿಸಿದ ಬಿಲ್ಲುಗಳು ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯಲ್ಲಿ ಬರುತ್ತವೆ. ನಮ್ಮ ಖರೀದಿ ಲೆಕ್ಕವನ್ನು ಅದರ ಜೊತೆ ತಾಳೆ ನೋಡಬೇಕು. ಹುಬ್ಬಳ್ಳಿಯ ಒಂದು ಬಿಲ್ ಬಿಟ್ಟು ಎಲ್ಲವೂ ಸರಿ ಇತ್ತು. ಕೊನೆಗೆ ಹೀಗೆ ಕಳಿಸಿದೆ:

"ಅಕ್ಕಾರ, ಆಪರೇಷನ್ ಛಲೋ ಆತು ಅಂತ ಕೇಳಿ ಜೀವ ತಣ್ಣಗಾತು. 3ಬಿ ನಾವು ನಾಳೆನ ಹಾಕ್ತೀವಿ, ಓಟಿಪಿ ಮಾಲೀಕರ ಫೋನಿಗೆ ಬರ್ತದ. ಹುಬ್ಬಳ್ಳಿ ಬಿಲ್ 2ಬಿ ಒಳಗ ಸಿಗಲಿಲ್ಲ, ಅದರ ಕ್ರೆಡಿಟ್ ಈ ತಿಂಗಳು ತಗೊಳ್ಳೂದಿಲ್ಲ. ಡಾಕ್ಟರು ಹೂಂ ಅನ್ನೂತನಕ ಕುಂದಾ ತರೂದಿಲ್ಲ, ಆರಾಮ ಆಗ್ರಿ, ಉತ್ತರಾ ಬರೀಬ್ಯಾಡ್ರಿ."

ಟೀಮಿಗೆ ಹಾಕಿದ ಇಂಗ್ಲಿಷ್ ಇಷ್ಟೇ: "ಅಕ್ಕಾ ಈಸ್ ರಿಕವರಿಂಗ್ ವೆಲ್. ಪ್ಲೀಸ್ ಡೋಂಟ್ ಕಾಲ್ ಹರ್ ದಿಸ್ ವೀಕ್. ಫಾರ್ ಜಿಎಸ್‌ಟಿ, ಆಸ್ಕ್ ಮಿ." ಮೊದಲು ಅಪೆಂಡಿಕ್ಸ್ ಅಂತಲೂ ಇತ್ತು, ತೆಗೆದೆ. ಏನಾಗಿದೆ ಅಂತ ಹೇಳುವುದು ಅವರಿಗೆ ಬಿಟ್ಟದ್ದು. (ಈಗ ಅವರೇ ಎಲ್ಲರಿಗೂ ಕಥೆ ಹೇಳಿಯಾಗಿದೆ, ಅದಕ್ಕೇ ಇಲ್ಲಿ ಬರೆದೆ.) ಕನ್ನಡದ್ದನ್ನು ಹಾಗೇ ಇಂಗ್ಲಿಷ್ ಮಾಡಲಿಲ್ಲ. ಅದು ಅವರಿಗೆ, ಇದು ಉಳಿದವರಿಗೆ.

ರಾತ್ರಿ ಒಂಬತ್ತಕ್ಕೆ ಯಜಮಾನರ ಫೋನಿನಿಂದ ಉತ್ತರ ಬಂತು: "ಹುಬ್ಬಳ್ಳಿ ಬಿಲ್ 2ಬಿ ಒಳಗ ಐತಿ. ನೀವು ನಂಬರಿನಾಗ ಒಂದು ಸೊನ್ನಿ ಬಿಟ್ಟೀರಿ, ನೋಡ್ರಿ."