ಹರಪ್ಪದ ತೂಕದ ಕಲ್ಲುಗಳ ಪ್ರಶ್ನೆ: ತಪ್ಪು ಆಯ್ಕೆಗಳ ಮೂರನೆಯ ಕರಡು

ಕಲಬುರಗಿ, ಜೂನ್ ಎರಡನೆಯ ವಾರ

ಎಂಟನೆಯ ತರಗತಿಯ ಪ್ರಾಚೀನ ನಾಗರಿಕತೆಗಳ ಪಾಠಗಳಿಗೆ ಬಹು ಆಯ್ಕೆಯ ಪ್ರಶ್ನೆಗಳನ್ನು ಹೊಸದಾಗಿ ಬರೆಯುವ ಕೆಲಸವನ್ನು ಬೇಸಿಗೆ ರಜೆಯಲ್ಲಿ ಕೈಗೆತ್ತಿಕೊಂಡಿದ್ದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹರಡಿಕೊಂಡು ಕೂತಾಗ ಮೊದಲು ಕಣ್ಣಿಗೆ ಬಿದ್ದದ್ದು ನಾನೇ ಬರೆದ ಒಂದು ಪ್ರಶ್ನೆ: ದಯಾರಾಮ್ ಸಾಹ್ನಿಯವರು ಹರಪ್ಪದಲ್ಲಿ ಉತ್ಖನನ ನಡೆಸಿದ ವರ್ಷ ಯಾವುದು? ಕೆಳಗಿದ್ದ ಆಯ್ಕೆಗಳು 1921, 1922, 1924, 1931. ಇವುಗಳಲ್ಲಿ 1922 ಮೊಹೆಂಜೊದಾರೊಗೆ ಸಂಬಂಧಿಸಿದ್ದು, 1924 ಜಾನ್ ಮಾರ್ಷಲ್ ಅವರು ಈ ನಾಗರಿಕತೆಯ ಶೋಧವನ್ನು ಲೋಕಕ್ಕೆ ತಿಳಿಸಿದ ವರ್ಷ, 1931 ಸುಮ್ಮನೆ ಸೇರಿಸಿದ ಸಂಖ್ಯೆ. ಒಬ್ಬ ಹುಡುಗ 1924 ಎಂದು ಗುರುತು ಹಾಕಿದರೆ ಅವನಿಗೆ ಹರಪ್ಪದ ಜನರ ಬಗ್ಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದು ನನಗೆ ಎಳ್ಳಷ್ಟೂ ಗೊತ್ತಾಗುವುದಿಲ್ಲ. ಆ ಪ್ರಶ್ನೆಯನ್ನು ಕೈಬಿಟ್ಟು, ಹರಪ್ಪದ ತೂಕದ ಕಲ್ಲುಗಳನ್ನು ವಿಷಯವಾಗಿ ಆರಿಸಿಕೊಂಡೆ.

ಇದನ್ನು ಆರಿಸಿಕೊಳ್ಳಲು ಕಾರಣವಿದೆ. ಚರ್ಟ್ ಎಂಬ ಗಟ್ಟಿ ಕಲ್ಲಿನಿಂದ ನಯವಾಗಿ ಕೊರೆದ ಈ ಚಿಕ್ಕ ಘನಾಕೃತಿಗಳು ಹರಪ್ಪ, ಮೊಹೆಂಜೊದಾರೊ, ಲೋಥಲ್ ಮುಂತಾದ, ಒಂದಕ್ಕೊಂದು ನೂರಾರು ಕಿಲೋಮೀಟರ್ ದೂರವಿರುವ ನೆಲೆಗಳಲ್ಲಿ ಒಂದೇ ಪ್ರಮಾಣದಲ್ಲಿ ದೊರೆತಿವೆ. ಸಣ್ಣ ತೂಕಗಳು 1, 2, 4, 8, 16, 32, 64 ಎಂದು ಇಮ್ಮಡಿಯಾಗುತ್ತ ಹೋಗುತ್ತವೆ. 16ರ ಸ್ಥಾನದಲ್ಲಿರುವ ಕಲ್ಲು ಸುಮಾರು 13.7 ಗ್ರಾಂ ತೂಗುತ್ತದೆ. ಈ ಅಂಕಿಗಳನ್ನು ಮಕ್ಕಳು ಬಾಯಿಪಾಠ ಮಾಡಬೇಕಾಗಿಲ್ಲ, ಪ್ರಶ್ನೆಯಲ್ಲೇ ಕೊಟ್ಟುಬಿಡಬಹುದು. ಸಾಕ್ಷ್ಯವನ್ನು ಎದುರಿಗಿಟ್ಟು ಅದರಿಂದ ಎಷ್ಟು ದೂರದವರೆಗೆ ತೀರ್ಮಾನಿಸಬಹುದು ಎಂದು ಕೇಳಲು ಇದಕ್ಕಿಂತ ಒಳ್ಳೆಯ ವಸ್ತು ನನಗೆ ಕಾಣಲಿಲ್ಲ.

ತಪ್ಪು ಆಯ್ಕೆಗಳನ್ನು ಈ ಸಲ ನನ್ನ ತಲೆಯಿಂದ ತೆಗೆಯಲಿಲ್ಲ. ಮೊದಲು ಆಯ್ಕೆಗಳೇ ಇಲ್ಲದ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ಎರಡು ವಾಕ್ಯಗಳಲ್ಲಿ ಉತ್ತರಿಸಲು ಹೇಳಿದೆ. ಬಂದ ಚೀಟಿಗಳನ್ನು ಮನೆಯಲ್ಲಿ ಚಾಪೆಯ ಮೇಲೆ ಗುಂಪುಗುಂಪಾಗಿ ಜೋಡಿಸಿದಾಗ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಾಣಿಸತೊಡಗಿತು. ದೊಡ್ಡ ಗುಂಪು ‘ಒಬ್ಬ ರಾಜ ಎಲ್ಲ ಊರುಗಳನ್ನು ಆಳುತ್ತಿದ್ದ’ ಎಂದಿತ್ತು. ಇನ್ನೊಂದು ಗುಂಪು ತೂಕವನ್ನು ನಾಣ್ಯವೆಂದು ಭಾವಿಸಿತ್ತು. ಕೆಲವರು ಎಲ್ಲ ಕಲ್ಲುಗಳನ್ನೂ ಒಂದೇ ಊರಿನಲ್ಲಿ ಕೊರೆದು ಹಂಚುತ್ತಿದ್ದರೆಂದು ಬರೆದಿದ್ದರು. ಈ ಮೂರೇ ನನ್ನ ಮೂರು ತಪ್ಪು ಆಯ್ಕೆಗಳಾದವು. ಊರುಗಳ ನಡುವೆ ಎಲ್ಲರೂ ಒಪ್ಪಿದ ಒಂದು ಅಳತೆ ಬಳಕೆಯಲ್ಲಿತ್ತು ಎಂಬುದು ಸರಿಯುತ್ತರ.

ಜೂನ್ ಕೊನೆಯ ವಾರ

ಮೊದಲ ಕರಡನ್ನು 44 ಮಕ್ಕಳಿಗೆ ಕೊಟ್ಟೆ. ಇಡೀ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ 12 ಮಂದಿ ಮತ್ತು ಕಡಿಮೆ ಅಂಕ ಪಡೆದ 12 ಮಂದಿಯ ಉತ್ತರಗಳನ್ನು ಬೇರೆ ತೆಗೆದು ಎಣಿಸಿದೆ. ಒಳ್ಳೆಯ ತಪ್ಪು ಆಯ್ಕೆಯು ಕೆಳಗಿನ ಗುಂಪನ್ನು ಹೆಚ್ಚು ಸೆಳೆಯಬೇಕು, ಮೇಲಿನ ಗುಂಪನ್ನು ಕಡಿಮೆ. ನಾಣ್ಯದ ಆಯ್ಕೆ ಹಾಗೆಯೇ ನಡೆದುಕೊಂಡಿತು: ಮೇಲಿನವರಲ್ಲಿ ಒಬ್ಬರು, ಕೆಳಗಿನವರಲ್ಲಿ ನಾಲ್ವರು ಅದನ್ನು ಆರಿಸಿದ್ದರು. ರಾಜನ ಆಯ್ಕೆಯಲ್ಲಿ ಲೆಕ್ಕ ತಿರುವುಮುರುವಾಗಿತ್ತು. ಮೇಲಿನವರಲ್ಲಿ ಐವರು, ಕೆಳಗಿನವರಲ್ಲಿ ಇಬ್ಬರು. ಚೆನ್ನಾಗಿ ಓದುವ ಮಕ್ಕಳನ್ನೇ ಒಂದು ತಪ್ಪು ಆಯ್ಕೆ ಹೆಚ್ಚಾಗಿ ಸೆಳೆದರೆ ದೋಷ ಮಕ್ಕಳಲ್ಲಿ ಇರುವ ಸಂಭವ ಕಡಿಮೆ, ಪ್ರಶ್ನೆಯಲ್ಲಿ ಇರುವ ಸಂಭವ ಹೆಚ್ಚು.

ಮರುದಿನ ಆ ಐವರನ್ನು ಕೂರಿಸಿಕೊಂಡು ಕಾರಣ ಕೇಳಿದೆ. ಗಂಜ್‌ನಲ್ಲಿ ತಂದೆಯ ಅಡತ್ ಅಂಗಡಿಯಿರುವ ಹುಡುಗಿ ಹೇಳಿದ ಮಾತನ್ನು ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ: “ಸರ್, ನಮ್ಮ ಅಂಗಡ್ಯಾಗಿನ ತೂಕದ ಕಲ್ಲಿಗಿ ಸರ್ಕಾರದ ಮುದ್ರಿ ಇರ್ತದ. ಮುದ್ರಿ ಇಲ್ಲಂದ್ರ ತೊಗರಿ ತೂಗಂಗಿಲ್ಲ. ಹಂಗಾದ್ರ ಆಗೂ ಯಾರೋ ಒಬ್ರು ಹಿಂಗೇ ತೂಗಬೇಕಂತ ಹೇಳಿರಬೇಕಲ್ರಿ?” ಇದು ಗಟ್ಟಿಯಾದ ತರ್ಕ. ಒಂದೇ ಅಳತೆಯ ಹಿಂದೆ ಒಂದು ಅಧಿಕಾರವಿದ್ದಿರಬೇಕು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ, ಅದನ್ನು ಒಪ್ಪದವರೂ ಇದ್ದಾರೆ. ತಿಳಿದವರೇ ಚರ್ಚಿಸುತ್ತಿರುವ ಅಭಿಪ್ರಾಯವನ್ನು ತಪ್ಪು ಆಯ್ಕೆಯ ಸ್ಥಾನದಲ್ಲಿ ಕೂರಿಸಿದ್ದು ನನ್ನ ತಪ್ಪು. ಆ ಹುಡುಗಿಗೆ ಒಂದು ಅಂಕ ಕಳೆದದ್ದು ಅನ್ಯಾಯವೆನಿಸಿ ಆ ದಿನವೇ ಸರಿಪಡಿಸಿದೆ.

ಸರಿಪಡಿಸುವುದು ಸುಲಭವೆಂದು ತೋರಿತ್ತು. ‘ಒಬ್ಬನೇ ರಾಜನು ಆಳುತ್ತಿದ್ದನೆಂಬುದು ಸಂಪೂರ್ಣ ಖಚಿತ’ ಎಂದು ಬಿಗಿಗೊಳಿಸಿದರೆ ಆ ಆಯ್ಕೆ ನಿಸ್ಸಂದೇಹವಾಗಿ ತಪ್ಪಾಗುತ್ತದೆ. ಆದರೆ ‘ಸಂಪೂರ್ಣ’, ‘ಖಚಿತ’, ‘ಎಂದಿಗೂ’ ಎಂಬ ಪದಗಳನ್ನು ಕಂಡ ಕೂಡಲೇ ಆ ಆಯ್ಕೆಯನ್ನು ಹೊಡೆದುಹಾಕಬೇಕೆಂಬುದು ಮಕ್ಕಳಿಗೆ ಟ್ಯೂಷನ್‌ನಲ್ಲೇ ಗೊತ್ತಾಗಿರುತ್ತದೆ. ಆಗ ಹರಪ್ಪದ ಬಗ್ಗೆ ಏನೂ ತಿಳಿಯದವರೂ ಸರಿಯುತ್ತರಕ್ಕೆ ಹತ್ತಿರವಾಗುತ್ತಾರೆ. ಎರಡು ದಿನ ಇದರಲ್ಲೇ ಸಿಕ್ಕಿಕೊಂಡಿದ್ದೆ.

ಜುಲೈ ಎರಡನೆಯ ವಾರ

ಹುಡುಗಿಯ ವಾದವನ್ನೇ ಪ್ರಶ್ನೆಯ ಒಳಗೆ ತಂದದ್ದರಿಂದ ದಾರಿ ಸಿಕ್ಕಿತು. ಈಗ ಪ್ರಶ್ನೆ ತೂಕಗಳ ವಿವರವನ್ನು ಕೊಟ್ಟು, ‘ಇದರಿಂದ ಒಬ್ಬ ರಾಜನು ಎಲ್ಲ ಊರುಗಳನ್ನು ಆಳುತ್ತಿದ್ದನೆಂದು ಒಬ್ಬ ವಿದ್ಯಾರ್ಥಿನಿ ತೀರ್ಮಾನಿಸುತ್ತಾಳೆ. ಈ ತೀರ್ಮಾನದ ದುರ್ಬಲ ಅಂಶ ಯಾವುದು?’ ಎಂದು ಕೇಳುತ್ತದೆ. ಎರಡನೆಯ ಕರಡಿನ ಆಯ್ಕೆಗಳು ಹೀಗಿದ್ದವು:

ಅ. ವರ್ತಕರು ತಮ್ಮೊಳಗೆ ಒಪ್ಪಿಕೊಂಡೂ ಒಂದೇ ಅಳತೆಯನ್ನು ಬಳಸಬಹುದಿತ್ತು.
ಆ. ಹರಪ್ಪದ ಮುದ್ರೆಗಳನ್ನು ಓದಿದಾಗ ರಾಜರ ಹೆಸರು ದೊರೆತಿಲ್ಲ.
ಇ. ರಾಜರಿದ್ದಿದ್ದರೆ ತೂಕಗಳ ಜೊತೆ ನಾಣ್ಯಗಳೂ ದೊರೆಯಬೇಕಿತ್ತು.
ಈ. ದೂರದ ಊರುಗಳ ನಡುವೆ ಯಾವ ಸಂಪರ್ಕವೂ ಇರಲಿಲ್ಲ.

‘ಆ’ ಆರಿಸಿದವರಿಗೆ ಆ ಲಿಪಿಯನ್ನು ಇದುವರೆಗೆ ಯಾರೂ ಓದಿಲ್ಲವೆಂಬ ಸಂಗತಿ ಮನಸ್ಸಿಗೆ ಇಳಿದಿಲ್ಲ. ‘ಇ’ ಆರಿಸಿದವರು ಇಂದಿನ ಆಡಳಿತವನ್ನು ಅಂದಿನ ಕಾಲಕ್ಕೆ ಅಂಟಿಸುತ್ತಿದ್ದಾರೆ. ಪಿರಮಿಡ್ಡುಗಳನ್ನು ಕಟ್ಟಿಸಿದ ಈಜಿಪ್ಟಿನ ಅರಸರು ನಾಣ್ಯವಿಲ್ಲದೆಯೇ ರಾಜ್ಯವಾಳಿದರು ಎಂಬ ಪಾಠವನ್ನು ಅವರಿಗೆ ಮತ್ತೆ ಹೇಳಬೇಕು. ಹೀಗೆ ಪ್ರತಿ ತಪ್ಪು ಉತ್ತರವೂ ಮರುದಿನ ತರಗತಿಯಲ್ಲಿ ಏನನ್ನು ತಿದ್ದಬೇಕೆಂದು ನನಗೆ ತಿಳಿಸುತ್ತದೆ.

ಹಿಂದಿನ ಮಕ್ಕಳಿಗೆ ಚರ್ಚೆಯ ನೆನಪಿರುವುದರಿಂದ ಇದನ್ನು ಇನ್ನೊಂದು ವಿಭಾಗಕ್ಕೆ ಕೊಟ್ಟೆ. ಅಲ್ಲಿಯೂ 12 ಮತ್ತು 12ರ ಲೆಕ್ಕ. ಸರಿಯುತ್ತರವನ್ನು ಮೇಲಿನವರಲ್ಲಿ ಒಂಬತ್ತು, ಕೆಳಗಿನವರಲ್ಲಿ ನಾಲ್ವರು ಆರಿಸಿದ್ದಾರೆ. ‘ಆ’ಗೆ ಎರಡು ಮತ್ತು ಮೂರು, ‘ಇ’ಗೆ ಒಂದು ಮತ್ತು ನಾಲ್ಕು. ‘ಈ’ ಮಾತ್ರ ಕೆಲಸಕ್ಕೆ ಬರಲಿಲ್ಲ. ಇಡೀ ತರಗತಿಯಲ್ಲಿ ಅದನ್ನು ಆರಿಸಿದ್ದು ಒಬ್ಬನೇ. ಪ್ರಶ್ನೆಯಲ್ಲೇ ಒಂದೇ ಅಳತೆಯಿತ್ತೆಂದು ಹೇಳಿ, ಆಯ್ಕೆಯಲ್ಲಿ ಸಂಪರ್ಕವೇ ಇರಲಿಲ್ಲವೆಂದರೆ ಯಾರು ನಂಬುತ್ತಾರೆ? ಮೇಲಾಗಿ ‘ಯಾವ ಸಂಪರ್ಕವೂ’ ಎಂಬುದು ನಾನೇ ಬೇಡವೆಂದುಕೊಂಡಿದ್ದ ಬಗೆಯ ಮಾತು.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಬೇರೊಂದು ಪ್ರಶ್ನೆಯಲ್ಲಿ ‘ಮಹಾಸ್ನಾನಗೃಹವನ್ನು ಬಳಸುತ್ತಿದ್ದವರು’ ಎಂದು ವಾಕ್ಯ ನಿಲ್ಲಿಸಿದ್ದೆ. ಆಯ್ಕೆಗಳಲ್ಲಿ ‘ರಾಜನು’ ಎಂಬುದೊಂದೇ ಏಕವಚನದಲ್ಲಿದ್ದುದರಿಂದ ಮಕ್ಕಳು ಅದನ್ನು ವ್ಯಾಕರಣದ ಬಲದಿಂದಲೇ ತಳ್ಳಿಹಾಕಿದ್ದರು. ಈಗ ಪ್ರತಿ ಆಯ್ಕೆಯನ್ನೂ ಪ್ರಶ್ನೆಯ ಜೊತೆ ಸೇರಿಸಿ ಗಟ್ಟಿಯಾಗಿ ಓದಿ ನೋಡುತ್ತೇನೆ.

ಜುಲೈ ಮೂರನೆಯ ವಾರ

‘ಈ’ ಜಾಗಕ್ಕೆ ಹಳೆಯ ಚೀಟಿಗಳ ಕಟ್ಟಿನಿಂದಲೇ ಒಂದು ಉತ್ತರ ಸಿಕ್ಕಿತು: ‘ಈ ಅಳತೆಯನ್ನು ಮೆಸೊಪೊಟೇಮಿಯದ ವರ್ತಕರು ತಂದುಕೊಟ್ಟಿದ್ದರು.’ ಎರಡೂ ನಾಡುಗಳ ನಡುವೆ ವ್ಯಾಪಾರವಿತ್ತೆಂದು ಓದಿದ ಮಕ್ಕಳಿಗೆ ಇದು ನಂಬುವಂತೆಯೇ ಇದೆ. ಆದರೆ ಮೆಸೊಪೊಟೇಮಿಯದ ಶೆಕೆಲ್ ಸುಮಾರು 8.3 ಗ್ರಾಂ ತೂಗುತ್ತಿತ್ತು, 60 ಶೆಕೆಲ್ ಸೇರಿದರೆ ಒಂದು ಮಿನಾ. ನೆನಪಿನ ಬಲದಿಂದ ಇದನ್ನು ತಳ್ಳಿಹಾಕಬೇಕಾಗಬಾರದೆಂದು ಎರಡೂ ಅಳತೆಗಳನ್ನು ಪ್ರಶ್ನೆಯ ಮೇಲೆ ಚಿಕ್ಕ ಪಟ್ಟಿಯಾಗಿ ಕೊಟ್ಟಿದ್ದೇನೆ. ಒಂದು ಕಡೆ ಇಮ್ಮಡಿಯ ಸರಣಿ, ಇನ್ನೊಂದು ಕಡೆ ಅರವತ್ತರ ಲೆಕ್ಕ ಇರುವುದನ್ನು ಗಮನಿಸಿದವರು ಆ ಆಯ್ಕೆಯನ್ನು ತಾವೇ ಬಿಡುತ್ತಾರೆ. ಪಟ್ಟಿ ಸೇರಿದ್ದರಿಂದ ಪ್ರಶ್ನೆ ಅರ್ಧ ಪುಟಕ್ಕೆ ಬೆಳೆದಿದೆ, ಓದಲು ಎರಡು ನಿಮಿಷವಾದರೂ ಬೇಕು. ಹಾಗಾಗಿ ಇಂಥ ಪ್ರಶ್ನೆಗಳನ್ನು ಒಂದು ಪತ್ರಿಕೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಇಡುವುದಿಲ್ಲ. ಮೂರನೆಯ ಕರಡನ್ನು ಬರುವ ಶನಿವಾರ ಪಕ್ಕದ ಶಾಲೆಯ ಗೆಳೆಯರೊಬ್ಬರು ತಮ್ಮ ಮಕ್ಕಳಿಗೆ ಕೊಡಲು ಒಪ್ಪಿದ್ದಾರೆ. ಉತ್ತರಪತ್ರಿಕೆಗಳ ಜೊತೆಗೆ, ಮೆಸೊಪೊಟೇಮಿಯದ ಆಯ್ಕೆಗೆ ಗುರುತು ಹಾಕಿದವರ ಕಾರಣಗಳನ್ನೂ ಒಂದೊಂದು ಸಾಲಿನಲ್ಲಿ ಬರೆಸಿಕೊಡಲು ಕೇಳಿದ್ದೇನೆ.