ಭಾಷಣದಿಂದ ಕೃಷ್ಣದೇವರಾಯರನ್ನು ತೆಗೆದ ದಿನ

2021ರ ಅಕ್ಟೋಬರ್ 2ರಂದು ಹೊಸಪೇಟೆಯಲ್ಲಿ ವಿಜಯನಗರ ಜಿಲ್ಲೆಯ ಉದ್ಘಾಟನೆ. ಅದೇ ದಿನ ಹರಪನಹಳ್ಳಿ ತಾಲ್ಲೂಕಿನ ನಮ್ಮೂರಿನ ಶಾಲೆಯಲ್ಲೂ ಒಂದು ಸಣ್ಣ ಸಭೆ ಇಟ್ಟುಕೊಂಡಿದ್ದೆವು. ಮಾತಾಡಬೇಕಾದವರು ನಿವೃತ್ತ ಶಿರಸ್ತೇದಾರರು. ಅವರಿಗೆ ಕೈ ನಡುಗುತ್ತಿದ್ದರಿಂದ ಭಾಷಣ ಬರೆದುಕೊಡುವ ಕೆಲಸ ನನಗೆ ಬಂತು.

ನಾನು ಕನ್ನಡ ಮೇಷ್ಟ್ರು. ಬಿಡ್ತೀನಾ? ಹಂಪಿ, ಕೃಷ್ಣದೇವರಾಯ, ಬೀದಿಯಲ್ಲಿ ಮುತ್ತುರತ್ನ ಎಂದು ಮೂರು ಪುಟ ತುಂಬಿಸಿದೆ. ಅವರು ಕನ್ನಡಕ ಏರಿಸಿ ಓದಿದರು. ಎರಡು ಪುಟಕ್ಕೆ ಅಡ್ಡಗೆರೆ ಎಳೆದರು.

"ಮೇಷ್ಟ್ರೇ, ಇದು ಹೆಸರು ಯಾಕೆ ಇಟ್ಟರು ಅನ್ನೋದಕ್ಕೆ ಉತ್ತರ. ಜಿಲ್ಲೆ ಯಾಕೆ ಮಾಡಿದರು ಅನ್ನೋದಕ್ಕಲ್ಲ."

ಆಮೇಲೆ ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ ಹನ್ನೊಂದು ತಾಲ್ಲೂಕು. ಜಿಲ್ಲಾ ಕೇಂದ್ರ ಇದ್ದದ್ದು ಪೂರ್ವದ ತುದಿಯಲ್ಲಿ, ಆಂಧ್ರದ ಗಡಿಯ ಪಕ್ಕ. ಹೂವಿನಹಡಗಲಿ, ಹರಪನಹಳ್ಳಿ ಇರುವುದು ಪಶ್ಚಿಮದ ತುದಿಯಲ್ಲಿ. ನಡುವೆ ನೂರು ಕಿಲೋಮೀಟರಿಗಿಂತ ಜಾಸ್ತಿ. ಹಾಗಾಗಿ ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಈ ಆರೂ ಹೊಸ ಜಿಲ್ಲೆಗೆ ಬಂದವು. ಬಳ್ಳಾರಿ, ಸಂಡೂರು, ಸಿರುಗುಪ್ಪ, ಕುರುಗೋಡು, ಕಂಪ್ಲಿ ಅಲ್ಲೇ ಉಳಿದವು.

"ದೂರ ಅಂದರೆ ಜನಕ್ಕೆ ಏನು ಕಷ್ಟ, ಅದನ್ನು ಬಿಡಿಸಿ ಹೇಳೋಣ" ಎಂದರು. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ಯಾರೂ ಜಿಲ್ಲಾ ಕೇಂದ್ರಕ್ಕೆ ಹೋಗುವುದಿಲ್ಲ, ನಾಡಕಚೇರಿಯಲ್ಲೇ ಆಗುತ್ತದೆ. ಪಹಣಿಯೂ ಅಷ್ಟೇ. ಕಷ್ಟ ಶುರುವಾಗುವುದು ತಕರಾರು ಬಿದ್ದಾಗ. ಅಣ್ಣತಮ್ಮಂದಿರ ನಡುವೆ ಹೆಸರು ಬದಲಾವಣೆಯ ಜಗಳ ಅಂತಿಟ್ಟುಕೊಳ್ಳಿ. ಮ್ಯುಟೇಷನ್ ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಅಲ್ಲೂ ಸೋತವರು ಜಿಲ್ಲಾಧಿಕಾರಿ ಮುಂದೆ ಹೋಗುತ್ತಾರೆ. ನಸುಕಿನಲ್ಲೇ ಬಸ್ಸು ಹತ್ತಿ ಬಳ್ಳಾರಿಗೆ ಹೋದರೆ, "ಇವತ್ತು ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ" ಎಂದು ಮುಂದಿನ ತಾರೀಕು ಕೊಡುತ್ತಾರೆ. ಆ ದಿನದ ಕೂಲಿಯೂ ಹೋಯಿತು, ವಕೀಲರ ಫೀಸೂ ಹೋಯಿತು. ಹೀಗೆ ಆರೇಳು ತಾರೀಕು ಆಗುವಷ್ಟರಲ್ಲಿ ಎಷ್ಟೋ ಜನ ಕೇಸನ್ನೇ ಬಿಟ್ಟುಬಿಡುತ್ತಿದ್ದರಂತೆ. "ಯಾರ ಜೇಬು ಗಟ್ಟಿಯೋ ಅವನು ಗೆಲ್ಲುತ್ತಿದ್ದ. ಇದನ್ನು ಬರೀರಿ" ಎಂದರು. ಬರೆದೆ. ರಾಯರಿಗೆ ಒಂದೇ ಸಾಲು ಉಳಿಯಿತು. ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಸಭೆಯಲ್ಲಿ ಎಲ್ಲ ಚೆನ್ನಾಗೇ ನಡೆಯುತ್ತಿತ್ತು. ಆಗ ಹಿಂದಿನ ಬೆಂಚಿನಿಂದ ಒಬ್ಬ ಅಜ್ಜ ಎದ್ದ. "ಸಾಹೇಬ್ರೇ, ದೂರದ್ದೇ ಮಾತಾದರೆ ನಮಗೆ ದಾವಣಗೆರೆನೇ ಹತ್ತಿರ ಇತ್ತಲ್ವಾ?"

ಜನ ನಕ್ಕರು. ನನಗೆ ಬೆವರು. ಅಜ್ಜನ ಮಾತು ನಿಜ, ನಮ್ಮ ಕಡೆಗೆ ಹೊಸಪೇಟೆಗಿಂತ ದಾವಣಗೆರೆ ಹತ್ತಿರ. 1997ರಲ್ಲಿ ಏಳು ಹೊಸ ಜಿಲ್ಲೆ ಮಾಡಿದಾಗ ನಮ್ಮ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆಗೆ ಸೇರಿಸಿದ್ದರು. ಭಾಷಣದಲ್ಲಿ ನಾವು ಅದನ್ನು ಮುಟ್ಟಿಯೇ ಇರಲಿಲ್ಲ.

ಶಿರಸ್ತೇದಾರರು ಚೀಟಿ ಮಡಚಿ ಜೇಬಿಗಿಟ್ಟರು. "ಹೌದಜ್ಜಾ, ಹತ್ತಿರ ಇತ್ತು. ಆದರೆ ಸಂವಿಧಾನದ 371ಜೆ ವಿಧಿ ಬಂದಾಗ ಬಳ್ಳಾರಿ ಜಿಲ್ಲೆಯ ಹುಡುಗರಿಗೆ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲಾತಿ ಸಿಕ್ಕಿತು. ದಾವಣಗೆರೆಯಲ್ಲಿದ್ದ ನಮ್ಮ ಹುಡುಗರಿಗೆ ಸಿಗಲಿಲ್ಲ. ಅದಕ್ಕೇ ಗಲಾಟೆ ಮಾಡಿ ವಾಪಸ್ ಬಳ್ಳಾರಿಗೆ ಹೋದೆವು. ಹೋದ ಮೇಲೆ ದೂರದ ಬಾಧೆ ಮತ್ತೆ ಶುರುವಾಯಿತು. ಈಗ ಮೀಸಲಾತಿ ಹಾಗೇ ಇರುತ್ತದೆ, ದಾರಿ ಸ್ವಲ್ಪ ಕಮ್ಮಿ ಆಗುತ್ತದೆ. ಪೂರ್ತಿ ಲಾಭ ಅಂತ ನಾನು ಹೇಳಲ್ಲ."

ನಾನು ಬರೆದುಕೊಟ್ಟ ಯಾವ ಸಾಲಿಗೂ ಬೀಳದ ಚಪ್ಪಾಳೆ ಇದಕ್ಕೆ ಬಿತ್ತು. ಅವರು ಇನ್ನೊಂದು ಮಾತನ್ನೂ ಸೇರಿಸಿದರು. ಜಿಲ್ಲೆ ಬದಲಾದರೂ ಓಟಿನ ಲೆಕ್ಕ ಬದಲಾಗಿಲ್ಲ, ಲೋಕಸಭೆಗೆ ನಮ್ಮ ಹರಪನಹಳ್ಳಿ ಈಗಲೂ ದಾವಣಗೆರೆ ಕ್ಷೇತ್ರದಲ್ಲೇ ಇದೆ. ಕಂದಾಯದ ಗಡಿ ಬೇರೆ, ಕ್ಷೇತ್ರದ ಗಡಿ ಬೇರೆ ಅಂತ ಅವತ್ತೇ ನನಗೂ ಸರಿಯಾಗಿ ತಲೆಗೆ ಹೋಗಿದ್ದು.

ಚಹಾ ಕುಡಿಯುವಾಗ ಅದೇ ಅಜ್ಜ ಪ್ಲಾಸ್ಟಿಕ್ ಚೀಲ ಹಿಡಿದು ಬಂದ. ಒಳಗೆ ಮಡಚಿ ಮಡಚಿ ಸವೆದ ಕಾಗದಗಳು. ದಾವಣಗೆರೆಯಲ್ಲಿ ಶುರುವಾಗಿ ಬಳ್ಳಾರಿಗೆ ಹೋದ ಜಮೀನಿನ ಕೇಸು. "ಇನ್ನು ಇದರ ಫೈಲು ಎಲ್ಲಿ ಹುಡುಕಲಿ?"

ಶಿರಸ್ತೇದಾರರು ಲೋಟ ಪಕ್ಕಕ್ಕಿಟ್ಟು ಕಾಗದ ಬಿಡಿಸಿದರು. ಕೇಸ್ ನಂಬರ್ ಇದ್ದ ಜಾಗ ಮಡಿಕೆಯಲ್ಲಿ ಅಳಿಸಿಹೋಗಿತ್ತು. ನನ್ನ ಕಡೆ ನೋಡಿ, "ಮೇಷ್ಟ್ರೇ, ಪೆನ್ನು ಕೊಡ್ರಿ" ಎಂದರು.